ಸ್ನೇಹಲತಾ ಮೇಡಂ ಮತ್ತು ಇಪ್ಪತ್ತನೆಯ ಪ್ರಶ್ನೆ

ಸ್ನೇಹಲತಾಗೆ ಒಂದು ಚಟವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ರೋಸರಿ ಅಂಗಡಿಗೆ ಹೋದರೆ ಉಳಿದವರು ಶಾಂಪೂ ಬಾಟಲಿಯ ಮುಂಭಾಗ ನೋಡುತ್ತಾರೆ, ಬೆಲೆ ನೋಡುತ್ತಾರೆ, ಗಾಡಿಗೆ ಹಾಕಿಕೊಳ್ಳುತ್ತಾರೆ. ಇವಳು ಬಾಟಲಿ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಹಿಂಬದಿಯ ಸಣ್ಣಕ್ಷರದಲ್ಲಿರುವ ಉದ್ದುದ್ದ ರಾಸಾಯನಿಕ ಹೆಸರುಗಳನ್ನು ಓದುತ್ತಾಳೆ. ಓದಿ ಸುಮ್ಮನಿರುತ್ತಾಳೆಯೇ? ಗಾಳಿಯಲ್ಲಿ ಬೆರಳಾಡಿಸಿ ಅಂಕುಡೊಂಕು ಗೆರೆ ಎಳೆದು ಆ ವಸ್ತುವಿನ ರಚನೆಯನ್ನೂ ಬರೆಯುತ್ತಾಳೆ. ಗಂಡ ಅನಂತಪದ್ಮನಾಭ ಗಾಡಿ ಹಿಡಿದು ನಿಂತು ನಿಂತು ಕಾಲು ಬದಲಾಯಿಸುತ್ತಾನೆ. ಹದಿನಾರರ ಮಗಳು ಗಾರ್ಗಿ ಎರಡು ಸಾಲು ಆಚೆಗೆ ಹೋಗಿ, ತನಗೂ ಈ ಮನೆಯವರಿಗೂ ಸಂಬಂಧವೇ ಇಲ್ಲವೆಂಬಂತೆ ಫೋನು ನೋಡುತ್ತಾಳೆ.

ಸ್ನೇಹಲತಾ ಪುತ್ತೂರಿನವಳು. ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ಊರಿನ ಪಿಯು ಕಾಲೇಜಿನಲ್ಲಿ ನಾಲ್ಕು ವರ್ಷ ಪಾಠ ಹೇಳಿದಳು. ಮೈಸೂರಿನ ಅನಂತಪದ್ಮನಾಭನನ್ನು ಮದುವೆಯಾಗಿ ಅಮೆರಿಕದ ಸನ್ನಿವೇಲಿಗೆ ಬಂದಾಗ ಅವಳಿಗೆ ಇಪ್ಪತ್ತೇಳು. ಗಂಡನ ವೀಸಾದ ಬಾಲಕ್ಕೆ ಕಟ್ಟಿದ ವೀಸಾ ಅವಳದು, ಕೆಲಸ ಮಾಡುವ ಹಾಗಿರಲಿಲ್ಲ. ಆಮೇಲೆ ಗಾರ್ಗಿ ಹುಟ್ಟಿದಳು. ಆಮೇಲೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತದ್ದು. ಹೀಗೆ ಆಮೇಲೆ, ಆಮೇಲೆ ಅನ್ನುತ್ತಲೇ ಹದಿನೈದು ವರ್ಷ ಕಳೆದುಹೋದವು. ಕಾರ್ಡು ಬಂದ ವಾರವೇ ಅವಳು ಈಗ ಗಾರ್ಗಿ ಓದುವ ಹೈಸ್ಕೂಲಿಗೆ ಅರ್ಜಿ ಹಾಕಿ, ಕ್ಲಾಸಿನಲ್ಲಿ ಟೀಚರಿಗೆ ಸಹಾಯ ಮಾಡುವ ಏಡ್ ಕೆಲಸಕ್ಕೆ ಸೇರಿಕೊಂಡಳು. ಬೀಕರು ತೊಳೆದಳು, ಹಾಳೆ ಹಂಚಿದಳು, ಹಿಂದಿನ ಬೆಂಚಿನಲ್ಲಿ ಕುಳಿತು ಎಣಿಸಲು ಬಾರದ ಮಕ್ಕಳಿಗೆ ಪಿಸುಮಾತಿನಲ್ಲಿ ಎಣಿಸಲು ಕಲಿಸಿದಳು. ಮೂರು ವರ್ಷ! ಬೋರ್ಡಿನ ಮುಂದೆ ನಿಲ್ಲಬೇಕೆಂದು ಅವಳ ಕೈ ತುರಿಸುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಆ ಏಪ್ರಿಲ್‌ನಲ್ಲಿ ಅವಕಾಶ ಬಂತು. ಹನ್ನೊಂದನೇ ತರಗತಿಯ ಕೆಮಿಸ್ಟ್ರಿ ಟೀಚರ್ ಹೆರಿಗೆ ರಜೆಗೆ ಹೋದರು. ಬದಲಿ ಟೀಚರ್ ಆಗಲು ಬೇಕಾದ ಪರ್ಮಿಟ್ಟನ್ನು ಸ್ನೇಹಲತಾ ಹಿಂದಿನ ವರ್ಷವೇ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ವೈಸ್ ಪ್ರಿನ್ಸಿಪಾಲ್ ಹಾಲ್ವರ್ಸನ್ ಅವಳನ್ನು ಕರೆದು, ಇನ್ನೊಬ್ಬರು ಸಿಗುವವರೆಗೆ ಮೂರು ವಾರ ಕ್ಲಾಸು ನೀವೇ ನಡೆಸಿ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಬರುವ ವರ್ಷಕ್ಕೆ ಸ್ಕೂಲಿಗೆ ಇನ್ನೊಬ್ಬ ಕೆಮಿಸ್ಟ್ರಿ ಟೀಚರ್ ಬೇಕು. ಕೆಲಸ ಮಾಡುತ್ತಲೇ ಟೀಚರ್ ಕೋರ್ಸು ಮುಗಿಸುವ ಷರತ್ತಿನ ಮೇಲೆ ಒಬ್ಬರನ್ನು ತೆಗೆದುಕೊಳ್ಳಬಹುದು. ಎರಡನೆಯ ವಾರದ ಗುರುವಾರ ನಾಲ್ಕನೇ ಪೀರಿಯಡ್ಡಿಗೆ ತಾವೇ ಬಂದು ಹಿಂದೆ ಕೂತು ಅವಳ ಪಾಠ ನೋಡುತ್ತಾರೆ. ಅವರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಮತ್ತೆ ಬೀಕರು ತೊಳೆಯುವುದು.

ಆ ನಾಲ್ಕನೇ ಪೀರಿಯಡ್ಡಿನ ಇಪ್ಪತ್ತೆಂಟು ಮಕ್ಕಳಲ್ಲಿ ಗಾರ್ಗಿಯೂ ಒಬ್ಬಳು. ಸುದ್ದಿ ಕೇಳಿದ ದಿನವೇ ಅವಳು ಅಮ್ಮನ ಮುಂದೆ ಕಾಯಿದೆ ಮಂಡಿಸಿದಳು. "ಅಮ್ಮಾ, ಇನ್ ಸ್ಕೂಲ್, ಯೂ ಆರ್ ಮಿಸ್ ರಾವ್. ಐ ಡೋಂಟ್ ನೋ ಯೂ."

"ಆಯ್ತು ಮಾರಾಯ್ತಿ. ನನಗೂ ನಿನ್ನ ಗುರ್ತ ಇಲ್ಲ" ಎಂದು ಸ್ನೇಹಲತಾ ಒಪ್ಪಿಕೊಂಡಳು.

ಪಾಠ ಬಂದದ್ದು ಸಾವಯವ ಸಂಯುಕ್ತಗಳಿಗೆ ಹೆಸರಿಡುವುದು, ಹೆಸರು ಕೊಟ್ಟರೆ ರಚನೆ ಬರೆಯುವುದು. ಅವಳ ಪ್ರಾಣವೇ ಅದು. ಇಂಟರ್ನೆಟ್ಟಿನಲ್ಲಿ ಸಿದ್ಧ ವರ್ಕ್‌ಶೀಟುಗಳು ಬೇಕಾದಷ್ಟು ಸಿಗುತ್ತವೆ, ಆದರೆ ಈ ಮಹಾತಾಯಿ ಮುಟ್ಟಿಯಾಳೇ? ಭಾನುವಾರವಿಡೀ ಊಟದ ಮೇಜಿನ ಮೇಲೆ ಸ್ಕೇಲು, ಪೆನ್ಸಿಲ್ಲು ಹರಡಿಕೊಂಡು ಇಪ್ಪತ್ತು ಪ್ರಶ್ನೆಗಳ ಹಾಳೆಯನ್ನು ಕೈಯಾರೆ ಬರೆದಳು. ಮೀಥೇನ್, ಈಥೇನ್‌ಗಳಿಂದ ಶುರುವಾಗಿ ಮೆಲ್ಲಗೆ ಮೆಟ್ಟಿಲು ಹತ್ತಿಸುವ ಹಾಳೆ. ಏಳನೆಯ ಪ್ರಶ್ನೆಯಲ್ಲಿ ಒಂದು ತುಂಟತನ ಇಟ್ಟಿದ್ದಳು. ಐದು ಕಾರ್ಬನ್ನಿನ ನೇರ ಸಾಲು, ಅದರ ಎರಡನೆಯ ಕಾರ್ಬನ್ನಿನಿಂದ ಕೆಳಕ್ಕೆ ಎರಡು ಕಾರ್ಬನ್ನಿನ ಕೊಂಬೆ. ಅವಸರದವರು ಎರಡು-ಈಥೈಲ್ ಪೆಂಟೇನ್ ಎಂದು ಬರೆದು ಕೂರುತ್ತಾರೆ. ಆದರೆ ಹೆಸರಿಡುವಾಗ ಎಲ್ಲಕ್ಕಿಂತ ಉದ್ದದ ಸರಪಳಿ ಹಿಡಿಯಬೇಕು, ಅದು ನೇರವಾಗಿಯೇ ಇರಬೇಕೆಂದೇನಿಲ್ಲ. ಕೊಂಬೆಯಿಂದಲೇ ಎಣಿಸಿಕೊಂಡು ಬಂದರೆ ಆರು ಕಾರ್ಬನ್ ಸಿಗುತ್ತದೆ, ಅದು ಮೂರು-ಮೀಥೈಲ್ ಹೆಕ್ಸೇನ್.

ಅವಳ ಪಾಠಕ್ಕೊಂದು ಪದ್ಧತಿ ಇತ್ತು. ಸರಪಳಿಯನ್ನು ಎರಡೂ ತುದಿಯಿಂದ ಎಣಿಸಬೇಕು. ಎಡದಿಂದ ಎಣಿಸಿದ ಅಂಕಿಗಳನ್ನು ಕೆಂಪಿನಲ್ಲಿ ಮೇಲೆ, ಬಲದಿಂದ ಎಣಿಸಿದ್ದನ್ನು ನೀಲಿಯಲ್ಲಿ ಕೆಳಗೆ ಬರೆಯಬೇಕು. ಪುತ್ತೂರಿನಲ್ಲಿ ಬಣ್ಣದ ಚಾಕುಪೀಸು, ಇಲ್ಲಿ ಮಾರ್ಕರ್. ಎರಡನ್ನೂ ಹೋಲಿಸಿ, ಕೊಂಬೆಗಳಿಗೆ ಚಿಕ್ಕ ಅಂಕಿ ಬರುವ ಕಡೆಯಿಂದ ಹೆಸರಿಡಬೇಕು. ಕೊಂಬೆಗಳು ಎರಡು ಮೂರು ಇದ್ದರೆ? ಅದಕ್ಕೂ ಅವಳ ಬಳಿ ಸೂತ್ರವಿತ್ತು. ಮಂಗಳವಾರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಎರಡು ಗೆರೆ ಎಳೆದಳು: ಅಂಕಿಗಳನ್ನು ಕೂಡಿಸಿ, ಯಾವ ಕಡೆಯ ಮೊತ್ತ ಕಡಿಮೆಯೋ ಆ ಕಡೆ ಸರಿ. ಅವಳ ಪಿಯು ಲೆಕ್ಚರರ್ ವೆಂಕಟಾಚಲ ಸರ್ ಬರೆಸಿದ ಸೂತ್ರ ಅದು. ಅವಳು ಅದನ್ನೇ ಕಲಿತಳು, ಅದನ್ನೇ ನಾಲ್ಕು ವರ್ಷ ಪುತ್ತೂರಿನ ಮಕ್ಕಳಿಗೆ ಕಲಿಸಿದಳು. ಈ ಊರಿನ ಪಠ್ಯಪುಸ್ತಕದ ಆ ಪುಟವನ್ನು ತೆರೆದು ನೋಡಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಬಾಯಿಪಾಠ ಬರುವ ದೇವರ ನಾಮಕ್ಕೆ ಯಾರಾದರೂ ಪುಸ್ತಕ ತೆರೆಯುತ್ತಾರೆಯೇ!

ಇಪ್ಪತ್ತನೆಯ ಪ್ರಶ್ನೆ ಆ ಸೂತ್ರಕ್ಕೆಂದೇ ಹೆಣೆದದ್ದು. ಎಂಟು ಕಾರ್ಬನ್ನಿನ ಅಂಕುಡೊಂಕು ಸರಪಳಿ, ಅದಕ್ಕೆ ಮೂರು ಮೀಥೈಲ್ ಕೊಂಬೆಗಳು. ಎಡದಿಂದ ಎಣಿಸಿದರೆ ಕೊಂಬೆಗಳು ಎರಡು, ಆರು, ಆರರಲ್ಲಿ ಬರುತ್ತವೆ. ಬಲದಿಂದ ಎಣಿಸಿದರೆ ಮೂರು, ಮೂರು, ಏಳರಲ್ಲಿ. ಕೂಡಿಸಿದರೆ ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಹದಿಮೂರು. ಹಾಗಾದರೆ 3,3,7-ಟ್ರೈಮೀಥೈಲ್ ಆಕ್ಟೇನ್ ಎಂದು ಉತ್ತರದ ಹಾಳೆಯಲ್ಲಿ ಬರೆದು ಸ್ನೇಹಲತಾ ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಳು.

ಬುಧವಾರ ಮಕ್ಕಳು ಹಾಳೆ ಬಿಡಿಸಿ ಕೊಟ್ಟರು. ಸಂಜೆ ಸ್ನೇಹಲತಾ ಮೇಜಿನ ಮೇಲೆ ಅವುಗಳನ್ನು ಗುಡ್ಡೆ ಹಾಕಿ ತಿದ್ದಲು ಕುಳಿತಳು. ಪಕ್ಕದಲ್ಲಿ ಚಹಾ, ಎದುರಿಗೆ ಗೋಡಂಬಿ ಡಬ್ಬ. ಚೆನ್ನಾಗಿ ಮಾಡಿದ್ದರು ಮಕ್ಕಳು. ಇಪ್ಪತ್ತನೆಯದನ್ನಂತೂ ಸುಮಾರು ಎಲ್ಲರೂ ಹೇಳಿಕೊಟ್ಟ ಹಾಗೆಯೇ ಕೂಡಿಸಿ ಬರೆದಿದ್ದರು. ಒಬ್ಬಳು ಮಾತ್ರ 2,6,6 ಎಂದು ಬರೆದಿದ್ದಳು: ಮಾರಿಸೋಲ್.

ಮಾರಿಸೋಲ್ ಎಂದರೆ ಕ್ಲಾಸಿನಲ್ಲಿ ಅತ್ಯಂತ ಹೆದರುಪುಕ್ಕಲಿ. ತಿಂಗಳ ಹಿಂದೆ ಕಾರ್ಬನ್ನಿಗೆ ಐದು ಬಂಧ ಬರೆಯುತ್ತಿದ್ದವಳು. ಕಾರ್ಬನ್ನಿಗೆ ನಾಲ್ಕೇ ಕೈ, ಐದನೆಯದನ್ನು ಎಲ್ಲಿಂದ ತಂದೆ ಎಂದು ಸ್ನೇಹಲತಾ ಏಡ್ ಆಗಿದ್ದಾಗಲೇ ಪಕ್ಕದಲ್ಲಿ ಕೂತು ತಿದ್ದಿದ್ದಳು. ಮಂಗಳವಾರ ಹುಡುಗಿ ಹಲ್ಲಿನ ಡಾಕ್ಟರ ಬಳಿ ಹೋಗಿ ಕ್ಲಾಸು ತಪ್ಪಿಸಿಕೊಂಡಿದ್ದಳು. ರಚನೆಗಳನ್ನು ಎಷ್ಟು ಚೊಕ್ಕ ಬರೆದಿದ್ದಾಳೆ, ಕೊನೆಯದರಲ್ಲಿ ಎಡವಿಬಿಟ್ಟಳಲ್ಲ, ಪಾಪ, ಎಂದುಕೊಂಡು ಸ್ನೇಹಲತಾ ಕೆಂಪು ಪೆನ್ನಿನಿಂದ ಒಂದು ಕಾಟು ಹಾಕಿದಳು.

ಅಷ್ಟರಲ್ಲಿ ಗಾರ್ಗಿ ಲ್ಯಾಪ್‌ಟಾಪು ಎತ್ತಿಕೊಂಡು ರೂಮಿನಿಂದ ಹೊರಗೆ ಬಂದಳು. ಗೆಳತಿಯರಿಗಾಗಿ ನೋಟ್ಸು ಮಾಡಲೆಂದು ಅವಳು ಪ್ರಶ್ನೆಗಳ ರಚನೆಗಳನ್ನು ಒಂದು ವೆಬ್‌ಸೈಟಿನಲ್ಲಿ ಬರೆಯುತ್ತಿದ್ದಳು. ರಚನೆ ಬರೆದರೆ ಅದೇ ಹೆಸರು ಹೇಳುವ ಸೈಟು. ಹತ್ತೊಂಬತ್ತರವರೆಗೆ ಅದು ಅಮ್ಮ ಹೇಳಿದ್ದನ್ನೇ ಹೇಳಿತ್ತು.

"ಅಮ್ಮಾ. ಕ್ವೆಶ್ಚನ್ ಟ್ವೆಂಟಿ. ಇಟ್ ಸೇಸ್ ಟೂ, ಸಿಕ್ಸ್, ಸಿಕ್ಸ್."

"ಬರೆಯುವಾಗ ತಪ್ಪಿದ್ದೀಯ. ಇನ್ನೊಮ್ಮೆ ಬರಿ."

"ತ್ರೀ ಟೈಮ್ಸ್ ಬರ್ದೆ."

"ಹಾಗಾದ್ರೆ ಅದಕ್ಕೆ ತಲೆ ಸರಿ ಇಲ್ಲ. ಮೆಷೀನಿಗೆ ಎಂತ ಗೊತ್ತುಂಟು? ಕೂಡಿಸಿ ನೋಡು. ಹದಿಮೂರು ದೊಡ್ಡದಾ, ಹದಿನಾಲ್ಕು ದೊಡ್ಡದಾ?"

ಗಾರ್ಗಿ ಬ್ಯಾಗಿನಿಂದ ಪಠ್ಯಪುಸ್ತಕ ತೆಗೆದು, ಪುಟ ಹುಡುಕಿ, ಅಮ್ಮನ ಮುಂದೆ ಇಟ್ಟು, ಬೆರಳಿಟ್ಟು ತೋರಿಸಿದಳು. ಎರಡೂ ಕಡೆಯ ಅಂಕಿಗಳನ್ನು ಚಿಕ್ಕದರಿಂದ ಸಾಲಾಗಿ ಇಟ್ಟು ಒಂದೊಂದಾಗಿ ಹೋಲಿಸಬೇಕು, ಮೊದಲ ಬಾರಿಗೆ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ಚಿಕ್ಕ ಅಂಕಿ ಇರುವ ಕಡೆ ಗೆದ್ದಿತು, ಉಳಿದವು ಎಷ್ಟೇ ಇರಲಿ ಎಂದು ಅಲ್ಲಿ ಬರೆದಿತ್ತು. ಕೂಡಿಸುವ ಮಾತೇ ಇಲ್ಲ. ಒಂದು ಕಡೆ ಮೊದಲ ಅಂಕಿ ಎರಡು, ಇನ್ನೊಂದು ಕಡೆ ಮೂರು. ಅಲ್ಲಿಗೆ ತೀರ್ಮಾನ ಮುಗಿಯಿತು.

ಸ್ನೇಹಲತಾ ಅದನ್ನು ಎರಡು ಸಲ ಓದಿದಳು. ಎದ್ದು ಹೋಗಿ ಕಪಾಟಿನ ಮೇಲಿನ ಸೂಟ್‌ಕೇಸಿನಿಂದ ತನ್ನ ಪಿಯು ನೋಟ್‌ಬುಕ್ ತಂದಳು. ವೆಂಕಟಾಚಲ ಸರ್ ಬರೆಸಿದ್ದು ಅಲ್ಲಿ ಹಾಗೆಯೇ ಇತ್ತು, ಅಡಿಗೆರೆ ಸಮೇತ. ನೋಟ್‌ಬುಕ್ಕಿನ ಉದಾಹರಣೆಗಳನ್ನು ಒಂದೊಂದಾಗಿ ಹೊಸ ಸೂತ್ರದಿಂದ ನೋಡುತ್ತಾ ಹೋದಳು. ಎಲ್ಲವೂ ಸರಿಯಾಗಿ ಬಂದವು! ಅದೇ ಆದದ್ದು ಅನಾಹುತ. ನೂರಕ್ಕೆ ತೊಂಬತ್ತೊಂಬತ್ತು ಕಡೆ ಎರಡೂ ಸೂತ್ರ ಒಂದೇ ಉತ್ತರ ಕೊಡುತ್ತವೆ, ಹಾಗಾಗಿ ತಪ್ಪು ಸೂತ್ರ ಯಾರ ಕಣ್ಣಿಗೂ ಬೀಳದೆ ಮೂವತ್ತು ವರ್ಷ ಅವಳ ತಲೆಯೊಳಗೆ ಹಾಯಾಗಿ ಕೂತಿತ್ತು. ಎರಡೂ ಬೇರೆಯಾಗುವ ಆ ಒಂದು ಪ್ರಶ್ನೆಯನ್ನು ಅವಳೇ ಹುಡುಕಿ, ಅವಳೇ ಹೆಣೆದು, ಅವಳೇ ಇಪ್ಪತ್ತೆಂಟು ಪ್ರತಿ ತೆಗೆದು ಹಂಚಿದ್ದಳು.

ಅನಂತಪದ್ಮನಾಭ ಕೆಲಸ ಮುಗಿಸಿ ಬಂದಾಗ ಹೆಂಡತಿ ತಣ್ಣಗಾದ ಚಹಾದ ಮುಂದೆ ಕೂತಿದ್ದಳು. ವಿಷಯ ಕೇಳಿ ಅವನು ಶೂ ಬಿಚ್ಚುತ್ತಲೇ ಪರಿಹಾರ ಹೇಳಿದ. ಇಂಜಿನಿಯರ್ ಅಲ್ಲವೇ, ಪರಿಹಾರ ಹೇಳದೆ ಶೂ ಕೂಡ ಬಿಚ್ಚುವುದಿಲ್ಲ.

"ಸಿಂಪಲ್ ಕಣೇ. ನಾಳೆ ಪೇಪರ್ ಕೊಡ್ಬೇಡ. ಆ ವೈಸ್ ಪ್ರಿನ್ಸಿಪಾಲ್ ಬಂದು ನೋಡ್ಕೊಂಡು ಹೋಗ್ಲಿ. ಶುಕ್ರವಾರ ನಿಧಾನಕ್ಕೆ ಹೇಳ್ಕೋ. ಒಂದಿನದಲ್ಲಿ ಏನು ಮುಳುಗಿಹೋಗುತ್ತೆ?"

"ಮಾರಿಸೋಲ್ ಪೇಪರಿಗೆ ನಾನು ಕಾಟು ಹಾಕಿದ್ದೇನೆ ರೀ."

"ಶುಕ್ರವಾರ ತೆಗಿ."

"ನಾಳೆ ಆಲ್ಕೊಹಾಲ್ ಶುರು. ಅದಕ್ಕೂ ನಂಬರ್ ಹಾಕುವುದೇ. ತಪ್ಪು ರೂಲು ಬೋರ್ಡಿನಲ್ಲಿ ಬರೆದವಳು ಎಂತ ಮೋರೆ ಇಟ್ಟುಕೊಂಡು ಅದರ ಮೇಲೆ ಪಾಠ ಕಟ್ಟುವುದು?"

"ಹದಿನೆಂಟು ವರ್ಷದಿಂದ ಕಾಯ್ತಿದೀಯ ಸ್ನೇಹಾ" ಎಂದ ಅವನು. ಈ ಸಲ ಪರಿಹಾರದ ದನಿ ಇರಲಿಲ್ಲ. "ನೀನು ಸಂಕಟಪಡೋದು ನಂಗೆ ನೋಡೋಕಾಗಲ್ಲ, ಅಷ್ಟೇ."

ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಅನ್ನಕ್ಕೆ ಇಟ್ಟಳು.

ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ನಾಲ್ಕನೇ ಪೀರಿಯಡ್ಡಿನ ಗಂಟೆ ಹೊಡೆಯಿತು. ಹಾಲ್ವರ್ಸನ್ ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪು ತೆರೆದು ಕುಳಿತರು. ಹಳದಿ ಟೈ, ಮುಖದಲ್ಲಿ ನಗುವೂ ಇಲ್ಲ ಸಿಡುಕೂ ಇಲ್ಲ. ಬೋರ್ಡಿನ ಮೂಲೆಯಲ್ಲಿ ಆ ದಿನದ ಪಾಠ ಎಂದು ಆಲ್ಕೊಹಾಲ್‌ಗಳ ಹೆಸರು ಬರೆದಿತ್ತು. ಸ್ನೇಹಲತಾ ತಿದ್ದಿದ ಹಾಳೆಗಳ ಕಟ್ಟನ್ನು ಕೈಗೆತ್ತಿಕೊಂಡಳು, ಮೇಜಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು. ಗಾರ್ಗಿ ತನ್ನ ಕಾಯಿದೆಯಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಹಾಳೆಗಳನ್ನು ಹಂಚಿ ಮುಗಿಸಿ ಸ್ನೇಹಲತಾ ಬೋರ್ಡಿನ ಮೇಲೆ ಎಂಟು ಕಾರ್ಬನ್ನಿನ ಅಂಕುಡೊಂಕು ಗೆರೆ ಎಳೆದಳು. ಮೂರು ಕೊಂಬೆ ಹಾಕಿದಳು. ಮೇಲೆ ಕೆಂಪು ಅಂಕಿ, ಕೆಳಗೆ ನೀಲಿ ಅಂಕಿ.

"ಇಪ್ಪತ್ತನೆಯ ಪ್ರಶ್ನೆಗೆ ನಿಮ್ಮಲ್ಲಿ ಇಪ್ಪತ್ತೇಳು ಜನ 3,3,7 ಎಂದು ಬರೆದಿದ್ದೀರಿ. ನಾನೇ ಹಾಗೆ ಕಲಿಸಿದೆ" ಎಂದಳು. "ಅದು ತಪ್ಪು. ತಪ್ಪು ನಿಮ್ಮದಲ್ಲ, ನನ್ನದು. ಸರಿ ಉತ್ತರವನ್ನು ಒಬ್ಬರು ಬರೆದಿದ್ದಾರೆ, ಅದಕ್ಕೆ ನಾನು ಕಾಟು ಹಾಕಿದೆ. ಮಾರಿಸೋಲ್, ನಿನಗೆ ಆ ಉತ್ತರ ಹೇಗೆ ಬಂತು ಅಂತ ಹೇಳ್ತೀಯಾ?"

ಮಾರಿಸೋಲ್‌ಗೆ ಯಾರೋ ತಲೆ ಮೇಲೆ ತಣ್ಣೀರು ಸುರಿದಂತಾಯಿತು. ತಾನು ಮಂಗಳವಾರ ಬಂದಿರಲಿಲ್ಲ, ಆದ್ದರಿಂದ ಪುಸ್ತಕ ಓದಿಕೊಂಡೆ, ಬೇಕೆಂದು ಮಾಡಿದ್ದಲ್ಲ ಎಂದು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದಳು. ಕ್ಲಾಸು ನಕ್ಕಿತು. ಸ್ನೇಹಲತಾ ನಗದೆ ಎರಡೂ ಮಾರ್ಕರುಗಳನ್ನು ಅವಳ ಮುಂದೆ ಹಿಡಿದಳು.

ಹುಡುಗಿ ಎದ್ದು ಬಂದಳು. ಮೊದಲು ಬೋರ್ಡಿಗೇ ಹೇಳಿಕೊಂಡಳು, ಆಮೇಲೆ ಅರ್ಧ ತಿರುಗಿದಳು. ಕೆಂಪಿನ ಅಂಕಿಗಳನ್ನು ಸಾಲಾಗಿ ಬರೆದಳು, ಅದರ ಕೆಳಗೆ ನೀಲಿಯವು. ಮೊದಲ ಜೋಡಿಗೆ ಸುತ್ತು ಹಾಕಿದಳು. ಎರಡು, ಮೂರು. ಎರಡು ಚಿಕ್ಕದು, ಇಲ್ಲಿಗೇ ನಿಲ್ಲಿಸಬೇಕು, ಮುಂದೆ ನೋಡುವ ಹಾಗಿಲ್ಲ ಎಂದಳು. ಎರಡನೆಯ ಬೆಂಚಿನ ಹುಡುಗನೊಬ್ಬ ಬಿಡಲಿಲ್ಲ. ಮೊತ್ತ ಕಡಿಮೆ ಇರುವುದೇ ನ್ಯಾಯ ಅಲ್ಲವೇ ಎಂದ. ಇನ್ನೊಬ್ಬಳು, ಹಾಗಾದರೆ ಏಳನೆಯ ಪ್ರಶ್ನೆಯೂ ತಪ್ಪೇ ಎಂದು ಗಾಬರಿಯಾದಳು. ಇಲ್ಲ, ಅದರಲ್ಲಿ ಒಂದೇ ಕೊಂಬೆ, ಹೋಲಿಸಲು ಇರುವುದೇ ಒಂದು ಅಂಕಿ ಎಂದು ಉತ್ತರ ಕೊಟ್ಟದ್ದು ಸ್ನೇಹಲತಾ ಅಲ್ಲ, ಮಾರಿಸೋಲ್. ಅರ್ಧ ಗಂಟೆ ಹೀಗೇ ಹೋಯಿತು. ಸೂತ್ರಗಳೆರಡೂ ಜಗಳವಾಡುವ ಹೊಸ ರಚನೆಗಳನ್ನು ಹುಡುಕಿ ಎಂದು ಸ್ನೇಹಲತಾ ಹೇಳಿದ್ದೇ ತಡ, ಕ್ಲಾಸಿನಲ್ಲಿ ಪೆನ್ಸಿಲ್ಲುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹತ್ತು ಕಾರ್ಬನ್ನಿನ ಸರಪಳಿಯಲ್ಲಿ ಒಬ್ಬ ಇನ್ನೊಂದನ್ನು ಹಿಡಿದೇಬಿಟ್ಟ: ಒಂದು ಕಡೆಯಿಂದ 2,7,8, ಇನ್ನೊಂದು ಕಡೆಯಿಂದ 3,4,9. ಮೊತ್ತ ಹದಿನೇಳು, ಹದಿನಾರು. ಸರಿ ಉತ್ತರ ಮೊದಲನೆಯದು.

ಆಲ್ಕೊಹಾಲ್ ಬರಲೇ ಇಲ್ಲ. ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಇರುವಾಗಲೇ ಹಾಲ್ವರ್ಸನ್ ಲ್ಯಾಪ್‌ಟಾಪು ಮುಚ್ಚಿ, ಸದ್ದಿಲ್ಲದೆ ಬಾಗಿಲು ತೆರೆದು ಹೊರಟುಹೋದರು. ಮುಗಿಯಿತು ಕಥೆ ಎಂದುಕೊಂಡಳು ಸ್ನೇಹಲತಾ. ಆದರೂ ಪಾಠ ನಿಲ್ಲಿಸಲಿಲ್ಲ. ಹೇಳಿಕೊಟ್ಟ ಹಾಗೆ ಬರೆದವರ ಅಂಕ ಕಡಿಯುವುದಿಲ್ಲ, ಮಾರಿಸೋಲ್‌ಗೆ ಅವಳ ಅಂಕ ವಾಪಸು ಎಂದು ಹೇಳಿ, ಅವಳ ಹಾಳೆಯ ಕಾಟನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದಳು.

ಎಲ್ಲರೂ ಹೋದ ಮೇಲೆ ಗಾರ್ಗಿ ತನ್ನ ಹಾಳೆಯನ್ನು ತಂದು ಮೇಜಿನ ಮೇಲಿಟ್ಟಳು. "ಮಿಸ್ ರಾವ್, ಮೈನ್ ಈಸ್ ರಾಂಗ್. ನಿನ್ನೆ ಸಂಜೆನೇ ನಂಗೆ ಗೊತ್ತಾಗಿತ್ತು. ಮಾರ್ಕ್ಸ್ ಬೇಡ" ಎಂದು ಹೇಳಿ, ಅಮ್ಮನ ಮುಖ ನೋಡದೆ ಓಡಿಹೋದಳು.

ಮೂರೂವರೆಗೆ ಹಾಲ್ವರ್ಸನ್ ಕರೆ ಕಳಿಸಿದರು. ಅವರಿಗೆ ಕೆಮಿಸ್ಟ್ರಿ ಬಾರದು, ಮೂಲತಃ ಇತಿಹಾಸದ ಮೇಷ್ಟರು. ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡದ್ದನ್ನು ನೋಡಿ ಹೇಳಿದರು.

"ಇವತ್ತಿನ ಪಾಠದಲ್ಲಿ ಆಲ್ಕೊಹಾಲ್ ಇತ್ತು. ಒಂದೂ ಬರಲಿಲ್ಲ."

"ಹೌದು."

"ನಿಮಗೆ ಈ ತಪ್ಪು ಯಾವಾಗ ಗೊತ್ತಾಯಿತು?"

"ನಿನ್ನೆ ಸಂಜೆ ಐದೂವರೆಗೆ."

"ಆ ಹಾಳೆಗಳನ್ನು ನಾನು ಹೋದ ಮೇಲೆ ಹಂಚಬಹುದಿತ್ತು. ನನಗೆ ಗೊತ್ತೇ ಆಗುತ್ತಿರಲಿಲ್ಲ."

"ಮಾರಿಸೋಲ್‌ಗೆ ಗೊತ್ತಾಗುತ್ತಿತ್ತು" ಎಂದಳು ಸ್ನೇಹಲತಾ.

ಅವರು ಟೈ ಸರಿಮಾಡಿಕೊಂಡರು. ಪಾಠವನ್ನು ಯೋಜಿಸಿದಂತೆ ಮುಗಿಸಲಿಲ್ಲ ಎಂದು ವರದಿಯಲ್ಲಿ ಬರೆಯಲೇಬೇಕಾಗುತ್ತದೆ, ಬರೆಯುತ್ತೇನೆ ಎಂದರು. ಆಮೇಲೆ ಡ್ರಾಯರಿನಿಂದ ಬರುವ ವರ್ಷದ ಟೀಚರ್ ಕೆಲಸದ ನಾಲ್ಕು ಪುಟದ ಅರ್ಜಿಯೊಂದನ್ನು ತೆಗೆದು ಮುಂದೆ ಸರಿಸಿದರು. ಕೊನೆಯ ಪುಟದಲ್ಲಿ ಅವರ ಸಹಿ ಆಗಲೇ ಬಿದ್ದಿತ್ತು. ಪಠ್ಯಪುಸ್ತಕವನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿಬಿಡಿ ಎಂದೂ ಸೇರಿಸಿದರು.

ಮನೆಗೆ ಬಂದ ಸ್ನೇಹಲತಾ ಅರ್ಜಿಯನ್ನು ದೇವರ ಮುಂದಿಟ್ಟು, ಗಂಡನಿಗೆ ಫೋನು ಮಾಡಿ ಹೇಳಿ, ಅವನು ಆಫೀಸಿನಲ್ಲೇ ಹೋ ಎಂದು ಕೂಗಿಕೊಂಡದ್ದನ್ನು ಕೇಳಿಸಿಕೊಂಡು ನಕ್ಕಳು. ಆದರೆ ಒಂದು ಮುಳ್ಳು ಉಳಿದಿತ್ತು. ಪುತ್ತೂರಿನ ನಾಲ್ಕು ಬ್ಯಾಚು, ಸುಮಾರು ನಾನೂರು ಮಕ್ಕಳು. ಅವರಿಗೆ ಯಾರು ಹೇಳುವುದು? ಅವಳ ಹಳೆಯ ವಿದ್ಯಾರ್ಥಿಗಳದೊಂದು ವಾಟ್ಸಪ್ ಗುಂಪಿತ್ತು, ಹಬ್ಬಕ್ಕೆ ಹೂವಿನ ಚಿತ್ರ ಬರುವ ಗುಂಪು. ಸೋಫಾದಲ್ಲಿ ಕೂತು ಅದರಲ್ಲಿ ಬರೆದಳು: "ಮಕ್ಕಳೇ, ಸರಪಳಿಗೆ ನಂಬರ್ ಹಾಕುವಾಗ ಮೊತ್ತ ಕೂಡಿಸಿ ನೋಡಬೇಕು ಅಂತ ನಿಮಗೆ ಕಲಿಸಿದ್ದೆ. ಅದು ತಪ್ಪು. ಒಂದೊಂದೇ ಅಂಕಿ ಹೋಲಿಸಬೇಕು. ನನಗೆ ನಿನ್ನೆಯಷ್ಟೇ ಗೊತ್ತಾಯ್ತು. ಕ್ಷಮಿಸಿ."

ಅಲ್ಲಿ ಇನ್ನೂ ಬೆಳಗಿನ ಐದೂವರೆ. ಆದರೂ ಎರಡೇ ನಿಮಿಷದಲ್ಲಿ ಉತ್ತರ ಬಂತು. ಕೊನೆಯ ಬ್ಯಾಚಿನ ಶಿವರಾಮು, ಈಗ ಉಡುಪಿಯಲ್ಲಿ ತಾನೇ ಕೆಮಿಸ್ಟ್ರಿ ಲೆಕ್ಚರರ್.

"ಗೊತ್ತಿತ್ತು ಮೇಡಂ. ಸಿಇಟಿ ಕೋಚಿಂಗಿನಲ್ಲೇ ಗೊತ್ತಾಗಿತ್ತು. ಹೇಳುವ ಅಂತ ನಾವು ನಾಲ್ಕು ಜನ ಸ್ಟಾಫ್‌ರೂಮಿನ ಬಾಗಿಲವರೆಗೆ ಬಂದಿದ್ದೆವು. ನೀವು ಪೇಪರ್ ತಿದ್ದುತ್ತಾ ಕೂತಿದ್ದಿರಿ. ನಿಮಗೆ ಬೇಜಾರಾಗ್ತದೆ ಅಂತ ವಾಪಸ್ ಹೋದೆವು."

ಅದರ ಕೆಳಗೆ ಇನ್ನೊಂದು ಸಾಲು. "ನಾನು ಈಗಲೂ ಕೆಂಪು, ನೀಲಿ ಚಾಕುಪೀಸಿನಲ್ಲೇ ಎಣಿಸಿ ತೋರಿಸುವುದು ಮೇಡಂ."

ಸ್ನೇಹಲತಾ ಅದನ್ನು ಓದಿದಳು. ಕನ್ನಡಕ ತೆಗೆದಳು. ಬಾಗಿಲವರೆಗೆ ಬಂದು ವಾಪಸು ಹೋದ ನಾಲ್ಕು ಮಕ್ಕಳು ಕಣ್ಣಿಗೆ ಕಟ್ಟಿದರು, ಹವಾಯಿ ಚಪ್ಪಲಿ, ಕೈಯಲ್ಲಿ ನೋಟ್‌ಬುಕ್. ಆಗಲೇ ಹೇಳಿದ್ದರೆ ಏನಾಗುತ್ತಿತ್ತು? ಬಯ್ಯುತ್ತಿದ್ದಳು. ಖಂಡಿತ ಬಯ್ದು ಕಳಿಸುತ್ತಿದ್ದಳು. ಅವಳಿಗೆ ಅಳು ತಡೆಯಲಾಗಲಿಲ್ಲ.

ಗಾರ್ಗಿ ಬಂದು ಪಕ್ಕದಲ್ಲಿ ಕೂತಳು. ಅಮ್ಮನ ಕೈಯಿಂದ ಫೋನು ತೆಗೆದುಕೊಂಡಳು. ಕನ್ನಡ ಓದಲು ಅವಳಿಗೆ ಹೊತ್ತು ಹಿಡಿಯುತ್ತದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿಯಲ್ಲೇ ಉಚ್ಚರಿಸಿಕೊಂಡು ಕೊನೆಯವರೆಗೂ ಓದಿದಳು.

"ಟ್ವೆಂಟಿ ಇಯರ್ಸ್ ಯಾರೂ ಹೇಳ್ಲೇ ಇಲ್ವಾ?"

"ಹೇಳ್ಲಿಲ್ಲ ಮಗಾ. ನೀನೊಬ್ಬಳೇ ಹೇಳಿದ್ದು."

ಗಾರ್ಗಿ ಫೋನನ್ನು ವಾಪಸು ಕೊಟ್ಟು, ಅಮ್ಮನ ಭುಜಕ್ಕೆ ತಲೆಯಿಟ್ಟಳು. ಎಂದೂ ಇಲ್ಲದ ಹಾಗೆ ಪೂರ್ತಿ ಕನ್ನಡದಲ್ಲಿ ಹೇಳಲು ನೋಡಿದಳು.

"ಅಮ್ಮಾ, ಇನ್ಮೇಲೆ ಪ್ರಶ್ನೆ ಬರೆದ್ರೆ ಮೊದ್ಲು ನಂಗೆ ಕೊಡು. ನಾನು ನಿಂಗೆ ಹೆದ್ರಲ್ಲ."